ನೀರಿಗಿಳಿಯದ ವಾಚಿನ ನೀರೊಳಗಿನ ಚಿತ್ರ

ಈ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕಡುನೀಲಿ ನೀರು, ಮೇಲಿಂದ ಓರೆಯಾಗಿ ಇಳಿಯುವ ಬಿಸಿಲುಕೋಲುಗಳು, ನಡುವೆ ಒಂದು ವಾಚು ಅಥವಾ ಫೋನು, ಅದರ ಸುತ್ತ ಮೇಲೇಳುತ್ತಿರುವ ಗುಳ್ಳೆಗಳು. ಲೋಹದ ಅಂಚು ಕೂದಲೆಳೆಯಷ್ಟು ತೆಳ್ಳಗೆ ಹೊಳೆಯುತ್ತಿರುತ್ತದೆ, ಡಯಲ್ ಮೇಲಿನ ಸಣ್ಣ ಅಕ್ಷರವನ್ನೂ ಓದಬಹುದು. ವಾಚನ್ನು ತೊಟ್ಟಿಗೆ ಹಾಕಿ ಕ್ಯಾಮೆರಾ ಕ್ಲಿಕ್ಕಿಸಿದರೆ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹಾಗೆ ಕ್ಲಿಕ್ಕಿಸಿದವರಿಗೆ ಸಿಗುವುದು ಮಂಕಾದ ಒಂದು ಲೋಹದ ತುಂಡು, ಅದರ ಮೈತುಂಬ ಅಂಟಿದ ಗಾಳಿಯ ಚುಕ್ಕೆಗಳು, ಜೊತೆಗೆ ಗಾಜಿನ ಮೇಲೆ ಫೋಟೊಗ್ರಾಫರನದೇ ಮುಖ.

ಆ ಚಿತ್ರದಲ್ಲಿ ಒಟ್ಟಿಗೆ ಕಾಣುವ ಸಂಗತಿಗಳಿಗೆ ಒಂದಕ್ಕೊಂದು ಹೊಂದಾಣಿಕೆಯೇ ಇಲ್ಲ. ಬಿಸಿಲುಕೋಲು ಕಾಣಬೇಕಾದರೆ ನೀರು ತುಸು ಕಲಕಿರಬೇಕು, ಅಂಚು ಚೂಪಾಗಿ ಕಾಣಬೇಕಾದರೆ ನೀರು ತಿಳಿಯಾಗಿರಬೇಕು. ಗುಳ್ಳೆಯನ್ನು ಹಿಡಿಯಲು ಒಂದೇ ಒಂದು ಮಿಂಚಿನ ಕ್ಷಣ ಸಾಕು, ವಾಚಿನ ಈ ತುದಿಯಿಂದ ಆ ತುದಿಯವರೆಗೆ ಚೂಪು ಬರಲು ಹಲವು ಫೋಟೊಗಳನ್ನು ಜೋಡಿಸಬೇಕು. ಹಾಗಾಗಿ ಈ ಬಗೆಯ ಜಾಹೀರಾತಿನ ಚಿತ್ರ ಸಾಮಾನ್ಯವಾಗಿ ಒಂದು ಫೋಟೊ ಆಗಿರುವುದಿಲ್ಲ. ಬಿಡಿಬಿಡಿಯಾಗಿ ತೆಗೆದ ಮೂರು ನಾಲ್ಕು ಫೋಟೊಗಳ ಜೋಡಣೆ ಅದು. ಈಚೆಗಂತೂ ಪೂರ್ತಿಯಾಗಿ ಕಂಪ್ಯೂಟರಿನ ತ್ರಿ-ಡಿ ಮಾದರಿಯಿಂದಲೇ ಹುಟ್ಟುವುದೂ ಉಂಟು. ಅಂಥ ಜೋಡಣೆಯಲ್ಲಿ ಮುಖ್ಯ ಪಾತ್ರಧಾರಿಯಾದ ವಾಚಿನ ಚಿತ್ರವನ್ನು ಅನೇಕ ವೇಳೆ ಒಣಗಿದ ಮೇಜಿನ ಮೇಲೆ ತೆಗೆದಿರುತ್ತಾರೆ.

ಶುರುವಿನಲ್ಲಿ ಹೀಗಿರಲಿಲ್ಲ. 1926ರಲ್ಲಿ ರೋಲೆಕ್ಸ್ ಕಂಪನಿ ತನ್ನ 'ಆಯ್ಸ್ಟರ್' ವಾಚನ್ನು ತಂದಾಗ ಅದರ ಒಡೆಯ ಹಾನ್ಸ್ ವಿಲ್ಸ್‌ಡಾರ್ಫ್, ಅಂಗಡಿಗಳ ಕಿಟಕಿಯಲ್ಲಿ ಮೀನಿನ ತೊಟ್ಟಿ ಇರಿಸಿ ಅದರೊಳಗೇ ವಾಚು ಮುಳುಗಿಸಿಡುವ ಏರ್ಪಾಡು ಮಾಡಿಸಿದ. ಮರುವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಆ ವಾಚು ತೊಟ್ಟು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. ಚಳಿ ತಡೆಯಲಾಗದೆ ದಡ ಮುಟ್ಟುವ ಮೊದಲೇ ಅವಳನ್ನು ನೀರಿನಿಂದ ಎತ್ತಬೇಕಾಯಿತು, ವಾಚು ಮಾತ್ರ ನಡೆಯುತ್ತಲೇ ಇತ್ತು. ನವೆಂಬರಿನಲ್ಲಿ ಲಂಡನ್ನಿನ 'ಡೈಲಿ ಮೇಲ್' ಪತ್ರಿಕೆಯ ಮುಖಪುಟವನ್ನೇ ಕೊಂಡು ವಿಲ್ಸ್‌ಡಾರ್ಫ್ ಅದನ್ನು ಸಾರಿದ. ಆಗಿನ ಜಾಹೀರಾತಿಗೆ ಸಾಕ್ಷಿಯೇ ಬಂಡವಾಳ. ತೊಟ್ಟಿಯೊಳಗಿನ ವಾಚು ಅಂದವಾಗಿ ಕಾಣುತ್ತಿತ್ತೋ ಇಲ್ಲವೋ, ಮುಳ್ಳು ತಿರುಗುತ್ತಿದ್ದರೆ ಸಾಕಿತ್ತು.

ನೀರಿನಲ್ಲಿ ವಾಚು ಅಂದವಾಗಿ ಕಾಣದಿರುವುದಕ್ಕೆ ಮೊದಲ ಕಾರಣ ಅದರ ಗಾಜು. ಗಾಜು ಗಾಜಿನಂತೆ ಕಾಣುವುದು ಅದರ ಮೇಲಿನ ಮಿನುಗಿನಿಂದ. ಗಾಳಿಯಿಂದ ಬಂದ ಬೆಳಕು ಗಾಜಿಗೆ ನೇರವಾಗಿ ತಾಗಿದಾಗ ನೂರರಲ್ಲಿ ಸುಮಾರು ನಾಲ್ಕು ಪಾಲು ಮೇಲ್ಮೈಯಿಂದಲೇ ಮರಳುತ್ತದೆ. ಈ ನಾಲ್ಕು ಪಾಲೇ ಫೋನಿನ ಗಾಜಿನ ಅಂಚಿನಲ್ಲಿ ಬೆಳ್ಳನೆಯ ಗೆರೆಯಾಗಿ ಕಾಣುವುದು. ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಳಿಗೂ ಗಾಜಿಗೂ ಅಂತರ ಹೆಚ್ಚು, ನೀರಿಗೂ ಗಾಜಿಗೂ ಕಡಿಮೆ. ಗಾಳಿಯದು 1, ನೀರಿನದು 1.33, ಸಾಮಾನ್ಯ ಗಾಜಿನದು 1.5. ಅಂತರ ಇಳಿದಂತೆ ಮರಳುವ ಬೆಳಕೂ ಇಳಿಯುತ್ತದೆ. ನೀರೊಳಗೆ ಗಾಜಿನ ಹೊರಮೈಯಿಂದ ಮರಳುವುದು ಶೇಕಡ ಅರ್ಧಕ್ಕಿಂತಲೂ ಕಡಿಮೆ. ಅಂದರೆ ಅಂಚಿನ ಮಿನುಗು ಹತ್ತರಲ್ಲಿ ಒಂದಂಶಕ್ಕೆ ಕುಸಿಯಿತು. ದುಬಾರಿ ವಾಚುಗಳಲ್ಲಿರುವ ನೀಲಮಣಿ ಗಾಜಿನ ಅಂಕಿ 1.77 ಆದ್ದರಿಂದ ಅದು ಸ್ವಲ್ಪ ವಾಸಿ. ಆದರೂ ಅದರ ಹೊಳಪು ಸಹ ಕಾಲುಭಾಗಕ್ಕೆ ಇಳಿಯುತ್ತದೆ.

ಎರಡನೆಯ ತೊಂದರೆ ಇನ್ನೂ ವಿಚಿತ್ರದ್ದು, ಮುಳುಗುಗಾರರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ನೀರೊಳಗೆ ಮುಂಗೈಯನ್ನು ಓರೆ ಮಾಡಿ ವಾಚು ನೋಡಿದರೆ ಒಂದು ಹಂತದಲ್ಲಿ ಡಯಲ್ ಇದ್ದಕ್ಕಿದ್ದಂತೆ ಮಾಯವಾಗಿ, ಗಾಜು ಪೂರ್ತಿ ಕನ್ನಡಿಯಾಗಿಬಿಡುತ್ತದೆ. ಗಾಜಿನ ಹೊರಗೆ ನೀರಿದೆ, ಒಳಗೆ ಗಾಳಿಯಿದೆ. ನೀರಿನ ಕಡೆಯಿಂದ ಗಾಳಿಯ ಕಡೆಗೆ ಹೊರಟ ನೋಟ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಒಳಗೆ ಹೋಗುವುದೇ ಇಲ್ಲ, ಅಲ್ಲಿಂದಲೇ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ನಡುವೆ ಯಾವ ಗಾಜು ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಜರ್ಮನಿಯ ಸಿನ್, ಬೆಲ್ಜಿಯಂನ ರೆಸೆನ್ಸ್ ಕಂಪನಿಗಳು ಕೆಲವು ವಾಚುಗಳ ಒಳಗೆ ಗಾಳಿಯ ಬದಲು ಎಣ್ಣೆ ತುಂಬಿದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಒಳಗೂ ಹೊರಗೂ ದ್ರವವೇ ಇದ್ದರೆ ಕನ್ನಡಿ ಹುಟ್ಟುವುದಿಲ್ಲ, ಎಷ್ಟು ಓರೆಯಿಂದ ನೋಡಿದರೂ ಸಮಯ ಕಾಣುತ್ತದೆ.

ಜಾಹೀರಾತಿನವರಿಗೆ ಬೇಕಾದದ್ದು ಮುಕ್ಕಾಲು ನೋಟ. ಡಯಲ್ಲೂ ಕಾಣಬೇಕು, ಪಕ್ಕದ ಕೀಲಿಯೂ ಕಾಣಬೇಕು, ಪಟ್ಟಿಯ ತಿರುವೂ ಕಾಣಬೇಕು. ಅದಕ್ಕೆ ವಾಚನ್ನು ನಲವತ್ತು ಡಿಗ್ರಿಯಷ್ಟಾದರೂ ತಿರುಗಿಸಬೇಕಾಗುತ್ತದೆ. ನೀರೊಳಗೆ ಅಷ್ಟರಲ್ಲೇ ಡಯಲ್ ಮಬ್ಬಾಗತೊಡಗುತ್ತದೆ, ಇನ್ನೊಂದು ಹತ್ತು ಡಿಗ್ರಿ ತಿರುಗಿಸಿದರೆ ಕಾಣುವುದು ಕನ್ನಡಿ ಮಾತ್ರ. ಆದ್ದರಿಂದ ಜಾಹೀರಾತಿನಲ್ಲಿ ತೀರಾ ಓರೆಯಾಗಿ ನಿಂತ ವಾಚಿನ ಡಯಲ್ ಸ್ಪಷ್ಟವಾಗಿ ಓದಲು ಸಿಕ್ಕರೆ, ಆ ವಾಚು ಚಿತ್ರ ತೆಗೆಯುವಾಗ ಗಾಳಿಯಲ್ಲಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಇಂಥ ಚಿತ್ರವೊಂದನ್ನು ಸಣ್ಣ ಸ್ಟುಡಿಯೊದಲ್ಲಿ ಕಟ್ಟುವ ಬಗೆಯನ್ನು ನೋಡೋಣ. ವಾಚಿನ ಅಗಲ ನಾಲ್ಕು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಚಿತ್ರದ ಚೌಕಟ್ಟಿನ ಅಗಲ 15 ಸೆಂಟಿಮೀಟರ್.

ಮೊದಲು ವಾಚೊಂದನ್ನೇ ತೆಗೆಯುವುದು, ಒಣಗಿದಂತೆಯೇ. ಪಟ್ಟಿಯೊಳಗೆ ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ತೂರಿಸಿ ಆಕಾರ ಕೊಟ್ಟು, ಹಿಂಬದಿಯಿಂದ ಒಂದು ಕಡ್ಡಿಗೆ ಸಿಕ್ಕಿಸಿ ಗಾಳಿಯಲ್ಲಿ ನಿಲ್ಲಿಸುತ್ತಾರೆ. ಲೋಹದ ಅಂಚು ಚೂಪಾಗುವುದು ಲೆನ್ಸಿನಿಂದಷ್ಟೇ ಅಲ್ಲ, ಅದಕ್ಕೆ ತೋರಿಸುವ ವಸ್ತುವಿನಿಂದ. ಉಜ್ಜಿ ಹೊಳಪಿಸಿದ ಉಕ್ಕು ತನ್ನೆದುರು ಇದ್ದುದನ್ನೇ ತೋರಿಸುವುದರಿಂದ, ಒಂದು ಬದಿಗೆ ಉದ್ದನೆಯ ಕಿರಿದಾದ ಬಿಳಿ ಬೆಳಕನ್ನೂ ಅದರ ಪಕ್ಕಕ್ಕೆ ಒತ್ತಿಕೊಂಡಂತೆ ಕಪ್ಪು ರಟ್ಟನ್ನೂ ಇಟ್ಟರೆ, ಅಂಚಿನುದ್ದಕ್ಕೂ ಬಿಳಿ ಗೆರೆಯ ಮಗ್ಗುಲಲ್ಲೇ ಕಪ್ಪು ಗೆರೆ ಬೀಳುತ್ತದೆ. ಕಣ್ಣು ಅದನ್ನು ಚೂಪು ಎಂದು ಓದುತ್ತದೆ. ರಟ್ಟನ್ನು ತೆಗೆದುಬಿಟ್ಟರೆ ಅದೇ ಲೆನ್ಸಿನಲ್ಲಿ ಅದೇ ಅಂಚು ಬೂದು ಬಣ್ಣಕ್ಕೆ ತಿರುಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇಲ್ಲೇ, ರಟ್ಟನ್ನು ಬೆರಳಗಲ ಅತ್ತ, ಬೆರಳಗಲ ಇತ್ತ ಸರಿಸುವುದರಲ್ಲಿ.

ಇಷ್ಟು ಹತ್ತಿರದಿಂದ ತೆಗೆದಾಗ, ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ, ಒಂದು ಸೆಂಟಿಮೀಟರಿನ ಆಸುಪಾಸಿನ ಆಳ ಮಾತ್ರ ಚೂಪಾಗಿ ಬರುತ್ತದೆ. ಓರೆಯಾಗಿ ನಿಂತ ವಾಚಿನ ಆಳ, ಪಟ್ಟಿಯೂ ಸೇರಿ, ಅದರ ನಾಲ್ಕೈದು ಪಟ್ಟು. ಕಿಂಡಿಯನ್ನು ಇನ್ನೂ ಕಿರಿದು ಮಾಡಬಹುದಲ್ಲ ಎಂದರೆ, ಅತಿ ಕಿರಿದಾದ ಕಿಂಡಿಯಲ್ಲಿ ಬೆಳಕೇ ಹರಡಿಕೊಂಡು ಎಲ್ಲವೂ ಮೆತ್ತಗಾಗುತ್ತದೆ. ಅದಕ್ಕೇ ಫೋಕಸ್ಸನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತಾರು ಫೋಟೊ ತೆಗೆದು, ಪ್ರತಿಯೊಂದರ ಚೂಪಾದ ಭಾಗವನ್ನಷ್ಟೇ ಕಂಪ್ಯೂಟರಿನಲ್ಲಿ ಹೊಲಿಯುತ್ತಾರೆ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂದು ಹೆಸರು. ಈ ಹತ್ತಾರು ಫೋಟೊಗಳ ನಡುವೆ ಯಾವುದೂ ಕದಲಬಾರದು. ಗುಳ್ಳೆ ಏಳುತ್ತಿರುವ ನೀರಿನಲ್ಲಿ ಇದು ಆಗದ ಮಾತು. ಸೆಕೆಂಡಿನ ಮುಳ್ಳಿಗೂ ಇದೇ ನಿಯಮ, ಕೀಲಿಯನ್ನು ಹೊರಕ್ಕೆಳೆದು ವಾಚನ್ನೇ ನಿಲ್ಲಿಸಿಡುತ್ತಾರೆ. ನೀರು ಒಳಹೋಗದಂತೆ ಬಿಗಿಯುವ ಕೀಲಿಯನ್ನು ಸಡಿಲಿಸಿ ತೆಗೆದ ವಾಚಿನ ಚಿತ್ರ ನೀರೊಳಗಿನ ಜಾಹೀರಾತಾಗುವುದು ಈ ಕಸುಬಿನ ಒಂದು ತಮಾಷೆ.

ಆಮೇಲೆ ಗುಳ್ಳೆಗಳು. ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುವ ಎರಡಡಿ ಉದ್ದದ ಗಾಜಿನ ತೊಟ್ಟಿ, ಗಾಳಿಯ ಪಂಪು ಮತ್ತು ಗುಳ್ಳೆ ಬಿಡುವ ಕಲ್ಲು ಇದ್ದರೆ ಸಾಕು. ನಲ್ಲಿಯಿಂದ ಆಗತಾನೆ ಹಿಡಿದ ನೀರು ಬೇಡ. ಅದರಲ್ಲಿ ಕರಗಿರುವ ಗಾಳಿ, ನೀರು ಬೆಚ್ಚಗಾದಂತೆ ತೊಟ್ಟಿಯ ಒಳಗೋಡೆಗೆ ಪುಟ್ಟ ಚುಕ್ಕೆಗಳಾಗಿ ಅಂಟಿಕೊಳ್ಳುತ್ತದೆ. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು, ಇಲ್ಲವೇ ರಾತ್ರಿಯಿಡೀ ನಿಲ್ಲಿಸಿದ್ದು. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುವುದರಿಂದ ಅದೂ ಬೇಡ. ಹಿನ್ನೆಲೆಗೆ ಕಪ್ಪು ಬಟ್ಟೆ, ಎರಡು ಪಕ್ಕದಿಂದ ತುಸು ಹಿಂದೆ ಸರಿದ ಫ್ಲ್ಯಾಶ್ ಬೆಳಕು. ಪಕ್ಕದಿಂದ ಬಂದ ಬೆಳಕು ಗುಳ್ಳೆಯ ಅಂಚಿನಿಂದ ಪ್ರತಿಫಲಿಸಿ ಅಂಚು ಬೆಳ್ಳಗೆ ಉರಿಯುತ್ತದೆ, ನಡುವೆ ಕಪ್ಪಾಗಿಯೇ ಉಳಿಯುತ್ತದೆ. ಬೆಳಕನ್ನು ನೇರ ಹಿಂದಿನಿಂದ ಕೊಟ್ಟರೆ ತಿರುಗುಮುರುಗು, ನಡುವೆ ಬೆಳಕು, ಅಂಚು ಕಪ್ಪು. ಕ್ಯಾಮೆರಾ ತೊಟ್ಟಿಯ ಗಾಜಿಗೆ ನೇರ ಎದುರಾಗಿಯೇ ಇರಬೇಕು, ಓರೆಯಾದರೆ ಅಂಚುಗಳಲ್ಲಿ ಬಣ್ಣ ಬಿಚ್ಚಿಕೊಳ್ಳುತ್ತದೆ. ಕ್ಯಾಮೆರಾದ ಮುಂದೆ ಲೆನ್ಸಿನಷ್ಟೇ ತೂತು ಕೊರೆದ ಕಪ್ಪು ಬಟ್ಟೆ ಇಳಿಬಿಟ್ಟರೆ ತೆಗೆಯುವವರ ಮುಖ ಗಾಜಿನಲ್ಲಿ ಕಾಣುವುದಿಲ್ಲ.

ಗುಳ್ಳೆಯನ್ನು ನಿಲ್ಲಿಸುವುದು ಹೇಗೆ? ಕೆಲವು ಮಿಲಿಮೀಟರ್ ಗಾತ್ರದ ಗುಳ್ಳೆ ನೀರಿನಲ್ಲಿ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ವೇಗದಲ್ಲಿ ಏರುತ್ತದೆ. ಸಾಧಾರಣ ಬೆಳಕಿನಲ್ಲಿ ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದರೆ, ಅಷ್ಟರಲ್ಲಿ ಗುಳ್ಳೆ ಒಂದೂಕಾಲು ಮಿಲಿಮೀಟರ್ ಮೇಲೇರಿರುತ್ತದೆ. ನಮ್ಮ 15 ಸೆಂಟಿಮೀಟರ್ ಚೌಕಟ್ಟು ಕ್ಯಾಮೆರಾದಲ್ಲಿ 6,000 ಚುಕ್ಕೆಗಳಾಗಿ ದಾಖಲಾಗುವುದಾದರೆ, ಅದು 50 ಚುಕ್ಕೆಯಷ್ಟು ಉದ್ದದ ಗೀಚು. ಕೋಣೆಯನ್ನು ಕತ್ತಲು ಮಾಡಿ, ಕ್ಯಾಮೆರಾದ ಮೇಲೆ ಕೂರಿಸುವಂಥ ಪುಟ್ಟ ಫ್ಲ್ಯಾಶನ್ನು ಹದಿನಾರರಲ್ಲಿ ಒಂದು ಪಾಲು ಬಲದಲ್ಲಿ ಹೊಡೆದರೆ, ಬೆಳಕು ಇರುವುದೇ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು. ಗುಳ್ಳೆ ಸರಿಯುವುದು ಒಂದೇ ಚುಕ್ಕೆ. ಇಲ್ಲಿ ದೊಡ್ಡ ಸ್ಟುಡಿಯೊ ಲೈಟು ತಂದು ಮೋಸ ಹೋಗುವವರಿದ್ದಾರೆ. ಹಳೆಯ ಬಗೆಯ ಅನೇಕ ಸ್ಟುಡಿಯೊ ಲೈಟುಗಳಲ್ಲಿ ಬಲ ತಗ್ಗಿಸಿದರೆ ಮಿಂಚಿನ ಅವಧಿ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಗುಳ್ಳೆಗಳಿಗೆಲ್ಲ ಬಾಲ ಬೆಳೆಯುತ್ತದೆ.

ಕಪ್ಪು ಹಿನ್ನೆಲೆಯಲ್ಲಿ ತೆಗೆಯುವುದಕ್ಕೂ ಕಾರಣವಿದೆ. ಫೋಟೊಶಾಪಿನಲ್ಲಿ ಆ ಪದರವನ್ನು 'ಸ್ಕ್ರೀನ್' ಎಂಬ ವಿಧಾನದಲ್ಲಿ ವಾಚಿನ ಮೇಲೆ ಹೊದಿಸಿದರೆ ಕಪ್ಪೆಲ್ಲ ತಾನಾಗಿ ಮಾಯವಾಗಿ ಬೆಳಗುವ ಅಂಚುಗಳಷ್ಟೇ ಉಳಿಯುತ್ತವೆ. ಗುಳ್ಳೆಯನ್ನು ಕತ್ತರಿಸಿ ಅಂಟಿಸುವ ರಗಳೆ ಇರುವುದಿಲ್ಲ.

ಉಳಿದದ್ದು ಬಿಸಿಲುಕೋಲು. ಹಂಚಿನ ಸಂದಿಯಿಂದ ಅಡುಗೆಮನೆಗೆ ಇಳಿಯುವ ಬಿಸಿಲು ಒಲೆ ಹೊತ್ತಿಸಿದಾಗ ಮಾತ್ರ ಕೋಲಾಗಿ ಕಾಣುವುದಲ್ಲವೇ, ನೀರಿನಲ್ಲೂ ಹಾಗೆಯೇ, ಬೆಳಕನ್ನು ಚದುರಿಸುವ ಕಣಗಳಿಲ್ಲದೆ ಕಿರಣ ಕಾಣುವುದಿಲ್ಲ. ಕಡಲಿನಲ್ಲಿ ಈ ಕೆಲಸಕ್ಕೆ ಕಣ್ಣಿಗೆ ಕಾಣದ ಜೀವಿಗಳೂ ಮಣ್ಣಿನ ಕಣಗಳೂ ಇವೆ. ಮೇಲಿನ ಅಲೆಗಳು ಬೆಳಕನ್ನು ಅಲ್ಲಲ್ಲಿ ಒಟ್ಟುಗೂಡಿಸಿ, ಅಲ್ಲಲ್ಲಿ ಬಿಡಿಸಿ ಕೋಲುಗಳನ್ನಾಗಿ ಸೀಳುತ್ತವೆ. ತೊಟ್ಟಿಯಲ್ಲಿ ಕಣಗಳ ಬದಲಿಗೆ ಹಾಲು. ಅರವತ್ತು ಲೀಟರಿಗೆ ನಾಲ್ಕೈದು ಹನಿಯಿಂದ ಶುರುಮಾಡಿ, ಕಲಕಿ, ನೋಡಿ, ಬೇಕಿದ್ದರೆ ಇನ್ನೆರಡು. ಮೇಲೆ ಆದಷ್ಟು ಎತ್ತರದಲ್ಲಿ ಒಂದೇ ಒಂದು ಪುಟ್ಟ ತೀಕ್ಷ್ಣ ದೀಪ, ಅದರ ಕೆಳಗೆ ಸೀಳುಗಳನ್ನು ಕೊರೆದ ರಟ್ಟು. ದೀಪ ಹತ್ತಿರವಿದ್ದರೆ ಕಿರಣಗಳು ಬೀಸಣಿಗೆಯಂತೆ ಹರಡಿ, ಇದು ಸೂರ್ಯನಲ್ಲ, ಬಲ್ಬು ಎಂದು ಚಾಡಿ ಹೇಳುತ್ತವೆ. ಹಾಲು ಹೆಚ್ಚಾದರೆ ಕಪ್ಪು ಕಪ್ಪಾಗಿ ಉಳಿಯದೆ ಎಲ್ಲಕ್ಕೂ ಮಂಜು ಕವಿಯುತ್ತದೆ. ಅಂಚಿನ ಚೂಪು ಸಾಯುವುದು ಹೀಗೆಯೇ. ಅದಕ್ಕೇ ಕಿರಣಗಳ ಪದರವನ್ನು ವಾಚಿಲ್ಲದೆ ತೆಗೆಯುತ್ತಾರೆ.

ಜಾಣರಾದವರು ಆಗ ವಾಚಿನ ಜಾಗದಲ್ಲಿ ಅದೇ ಆಕಾರದ, ಕಪ್ಪು ಬಣ್ಣ ಬಳಿದ ತುಂಡೊಂದನ್ನು ತೂಗುಬಿಡುತ್ತಾರೆ. ಕಿರಣಕ್ಕೆ ಅಡ್ಡ ಬಂದ ವಸ್ತು ಹಾಲುನೀರಿನಲ್ಲಿ ತನ್ನ ಹಿಂದೆ ಒಂದು ಕತ್ತಲೆಯ ಕಂಬವನ್ನೇ ಬಿಡುತ್ತದೆ. ಆ ಕತ್ತಲೆ ಇದ್ದರೆ ವಾಚು ನೀರಿನೊಳಗೆ ಕೂತಂತೆ ಕಾಣುತ್ತದೆ, ಇಲ್ಲದಿದ್ದರೆ ನೀರಿನ ಮೇಲೆ ಅಂಟಿಸಿದಂತೆ. ನೀಲಿ ಬಣ್ಣವೂ ಇದೇ ಹಂತದಲ್ಲಿ ಬರುತ್ತದೆ, ದೀಪಕ್ಕೆ ಕಟ್ಟಿದ ನೀಲಿ ಹಾಳೆಯಿಂದ. ಅಡಿ ಎರಡಡಿ ನೀರಿಗೆ ಕಣ್ಣಿಗೆ ಕಾಣುವಷ್ಟು ನೀಲಿ ಎಲ್ಲಿಂದ ಬರಬೇಕು?

ಫೋನಿನ ಚಿತ್ರವಾದರೆ ಒಂದು ಪದರ ಹೆಚ್ಚು. ಫ್ಲ್ಯಾಶಿನ ಮಿಂಚಿನಂಥ ಅವಧಿಯಲ್ಲಿ ಪರದೆಯ ಬೆಳಕು ದಾಖಲಾಗುವುದೇ ಇಲ್ಲ, ಅದು ಕರಿಹಲಗೆಯಾಗಿ ಬರುತ್ತದೆ. ಪರದೆಯ ಚಿತ್ರವನ್ನು ಬೇರೆಯಾಗಿ ಕೂರಿಸುತ್ತಾರೆ.

ಇಷ್ಟು ಗೊತ್ತಾದ ಮೇಲೆ ಮುಂದಿನ ಸಲ ಇಂಥ ಜಾಹೀರಾತು ಕಂಡಾಗ ಕಣ್ಣಿಗೆ ಬೇರೆಯೇ ಕೆಲಸ ಸಿಗುತ್ತದೆ. ನನಗೆ ತುಂಬ ಇಷ್ಟವಾದದ್ದು ಹನಿಗಳ ತಪ್ಪು. ನೀರಿನಲ್ಲಿ ಪೂರ್ತಿ ಮುಳುಗಿದ ವಾಚಿನ ಮೇಲೆ ನೀರಿನ ಹನಿಗಳು ಮಿನುಗುತ್ತಿರುವ ಎಷ್ಟೋ ಚಿತ್ರಗಳಿವೆ. ನೀರೊಳಗೆ ನೀರಿನ ಹನಿಗೆ ಇರಲು ಜಾಗವೆಲ್ಲಿ? ಅಲ್ಲಿ ಅಂಟಿಕೊಳ್ಳಬಹುದಾದದ್ದು ಗಾಳಿ ಮಾತ್ರ. ಗುಳ್ಳೆಯ ಆಕಾರವೂ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಮಿಲಿಮೀಟರಿಗಿಂತ ಚಿಕ್ಕವು ಗುಂಡಗೆ ಇರುತ್ತವೆ, ಅದಕ್ಕಿಂತ ದೊಡ್ಡವು ಚಪ್ಪಟೆಯಾಗುತ್ತ, ಓಲಾಡುತ್ತ ಏರುತ್ತವೆ, ಒಂದೆರಡು ಸೆಂಟಿಮೀಟರ್ ದಾಟಿದವು ಕವುಚಿದ ಬಟ್ಟಲಿನ ಆಕಾರ ತಾಳುತ್ತವೆ. ಫೋನಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ, ಪರಿಪೂರ್ಣವಾಗಿ ದುಂಡಗಿನ ಗುಳ್ಳೆ ಕಂಡರೆ ಅದು ಬರೆದ ಗುಳ್ಳೆ. ಕಿರಣಗಳು ಎಡದಿಂದ ಇಳಿಯುತ್ತಿದ್ದು ಲೋಹದ ಹೊಳಪು ಬಲಬದಿಗಿದ್ದರೆ ಜೋಡಿಸಿದವರು ಅವಸರದಲ್ಲಿದ್ದರು ಎಂದರ್ಥ.

ಇದನ್ನೆಲ್ಲ ಮೋಸವೆನ್ನಬೇಕೇ? ನನ್ನ ಮಟ್ಟಿಗೆ, ಚಿತ್ರ ಕಟ್ಟುವುದು ಮೋಸವಲ್ಲ. ಚಿತ್ರ ಸೂಚಿಸುವ ಮಾತು ಸುಳ್ಳಾದರೆ ಮೋಸ. ಆಸ್ಟ್ರೇಲಿಯದಲ್ಲಿ ಸ್ಯಾಮ್‌ಸಂಗ್ ಕಂಪನಿ 2016ರಿಂದ 2018ರವರೆಗೆ ತನ್ನ ಗ್ಯಾಲಕ್ಸಿ ಫೋನುಗಳನ್ನು ಈಜುಕೊಳದಲ್ಲೂ ಸಮುದ್ರದಲ್ಲೂ ಬಳಸಬಹುದೆಂಬಂತೆ ಜಾಹೀರಾತು ನೀಡಿತ್ತು. ಅಲ್ಲಿನ ಗ್ರಾಹಕ ಆಯೋಗ 2019ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಅಂಥ ನೀರಿನಲ್ಲಿ ನೆನೆದ ಫೋನನ್ನು ಒಣಗುವ ಮೊದಲೇ ಚಾರ್ಜ್ ಮಾಡಿದರೆ ಚಾರ್ಜಿಂಗ್ ಕಿಂಡಿ ತುಕ್ಕು ಹಿಡಿದು ಕೆಡುವ ಸಾಧ್ಯತೆಯಿತ್ತು. ಗ್ರಾಹಕರ ದಾರಿ ತಪ್ಪಿಸಿದ್ದನ್ನು ಕಂಪನಿ ಒಪ್ಪಿಕೊಂಡಿತು, 2022ರ ಜೂನ್‌ನಲ್ಲಿ ನ್ಯಾಯಾಲಯ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ಆ್ಯಪಲ್ ಕಂಪನಿಗೆ ಒಂದು ಕೋಟಿ ಯೂರೊ ದಂಡ ಹಾಕಿದ್ದೂ ಇಂಥದ್ದೇ ಕಾರಣಕ್ಕೆ. ನೀರು ತಡೆಯುವ ಮಾತನ್ನು ದೊಡ್ಡದಾಗಿ ಸಾರಿ, ಪರೀಕ್ಷೆ ನಡೆದದ್ದು ನಿಂತ ಶುದ್ಧ ನೀರಿನಲ್ಲಿ ಎಂಬುದನ್ನು ಕಂಪನಿ ಸ್ಪಷ್ಟವಾಗಿ ಹೇಳಿರಲಿಲ್ಲ. ನೀರಿನಿಂದ ಕೆಟ್ಟರೆ ವಾರಂಟಿಯೂ ಇರಲಿಲ್ಲ.

ಹಾಗಾಗಿ ಚಿತ್ರದ ಚೆಲುವನ್ನು ಧಾರಾಳವಾಗಿ ಮೆಚ್ಚಿ, ಮಾಹಿತಿಗೆ ಮಾತ್ರ ಕೆಳಗಿನ ಸಣ್ಣ ಅಕ್ಷರವನ್ನು ಓದಿ. ಫೋನಿನ ಮೇಲೆ ಐಪಿ 68 ಎಂದಿದ್ದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ನಿಗದಿ ಮಾಡಿರುತ್ತಾರೆ, ಅದು ಒಂದೂವರೆ ಮೀಟರ್ ಮತ್ತು ಅರ್ಧ ಗಂಟೆಯಷ್ಟೇ ಆಗಿರಬಹುದು, ಅದೂ ಸಿಹಿನೀರಿನಲ್ಲಿ. ವಾಚಿನ ಬೆನ್ನ ಮೇಲಿನ 30 ಮೀಟರ್ ಎಂಬ ಬರಹ ಕೈ ತೊಳೆಯುವಾಗ ಸಿಡಿಯುವ ನೀರಿಗೆ ಸಾಕು, ಈಜುವುದಕ್ಕಲ್ಲ. ಕಾರವಾರದ ಕಡಲಲ್ಲೋ ಅಪಾರ್ಟ್‌ಮೆಂಟಿನ ಈಜುಕೊಳದಲ್ಲೋ ಫೋನು ನೆನೆದರೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿಡಿ. ಚಾರ್ಜಿಂಗ್ ಕಿಂಡಿ ಪೂರ್ತಿ ಒಣಗುವ ತನಕ ಕೇಬಲ್ ಸಿಕ್ಕಿಸಬೇಡಿ.